ಒಂದೇ ನೋಟಿಸಿನಲ್ಲಿ ಮೂವರು ‘ರೆಸ್ಪೊನ್ಸಾಬಿಲೆ’

ಪುಣೆಯಲ್ಲಿ ಕೂತು ಇಂಗ್ಲಿಷಿನಿಂದ ಇಟಾಲಿಯನ್‌ಗೆ ಅನುವಾದ ಮಾಡುತ್ತೇನೆ ಎಂದರೆ ನಮ್ಮ ಕನ್ನಡ ಸಂಘದಲ್ಲಿ ಮೊದಲು ಕೇಳುವುದು ‘ಯಾಕೆ, ಅಲ್ಲಿ ಯಾರೂ ಸಿಗಲ್ವೇನ್ರೀ?’ ಅಂತ. ಸಿಗುತ್ತಾರೆ. ಮೊದಲ ಕರಡು ಮಾತ್ರ ನನ್ನದು. ತಿದ್ದುವವರು ಮಿಲಾನಿನಲ್ಲಿರುವ ಹಿರಿಯ ಅನುವಾದಕಿ. ಕೆಲಸವೂ ಕಥೆ, ಕಾದಂಬರಿ ಏನಲ್ಲ. ವೆಬ್‌ಸೈಟಿನ ಕೊನೆಯಲ್ಲಿ ಯಾರೂ ಓದದ ಪ್ರೈವೆಸಿ ನೋಟಿಸ್.

ಒಮ್ಮೆ ಇಟಲಿಯ ಹೋಟೆಲ್ ಸಮೂಹವೊಂದರ ನೋಟಿಸ್ ಬಂತು. ಬುಕಿಂಗ್ ತಂತ್ರಾಂಶ ನಡೆಸುವುದು ಇಲ್ಲೇ ಪುಣೆಯ ಕಂಪನಿ. ಹದಿನೈದು ವರ್ಷದಿಂದ ಕೂಡಿಟ್ಟ ಅನುವಾದದ ಸಾಲುಗಳು ನನ್ನ ಕಂಪ್ಯೂಟರಿನಲ್ಲಿದ್ದವು. ಹೊಂದುವ ಹಳೆಯ ಸಾಲು ಸಿಕ್ಕಿದಲ್ಲೆಲ್ಲ ಅದನ್ನೇ ಒಪ್ಪಿಕೊಂಡು ಎರಡು ದಿನದಲ್ಲಿ ಕಳಿಸಿದೆ. ಮಿಲಾನಿನಿಂದ ಒಂದೇ ಸಾಲಿನ ಉತ್ತರ: ‘ಈ ನೋಟಿಸಿನಲ್ಲಿ ರೆಸ್ಪೊನ್ಸಾಬಿಲೆ ಎಷ್ಟು ಜನ?’

ಯುರೋಪಿನ ದತ್ತಾಂಶ ಕಾನೂನು ಜಿಡಿಪಿಆರ್‌ನಲ್ಲಿ ‘ಕಂಟ್ರೋಲರ್’ ಎಂದರೆ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವನು. ಇಲ್ಲಿ ಹೋಟೆಲ್. ‘ಪ್ರೊಸೆಸರ್’ ಎಂದರೆ ಅವನ ಪರವಾಗಿ ಆ ಕೆಲಸ ಮಾಡುವವನು. ಇಲ್ಲಿ ಪುಣೆಯ ಕಂಪನಿ. ಇಟಾಲಿಯನ್ ಪಠ್ಯದಲ್ಲಿ ಮೊದಲನೆಯವನು ‘ತಿತೊಲಾರೆ’, ಎರಡನೆಯವನು ‘ರೆಸ್ಪೊನ್ಸಾಬಿಲೆ’. ಕಿವಿಗೆ ‘ಜವಾಬ್ದಾರ’ ಎಂದು ಕೇಳುವ ಪದ ಹೇಳಿದ ಕೆಲಸ ಮಾಡುವವನಿಗೆ ಬಂದಿದೆ! ಪಕ್ಕದ ಫ್ರೆಂಚಿನಲ್ಲೂ ಸ್ಪ್ಯಾನಿಷಿನಲ್ಲೂ ಇದೇ ಮೂಲದ ಪದ ನಿರ್ಧರಿಸುವವನಿಗೆ ಸಲ್ಲುತ್ತದೆ. ಆ ಭಾಷೆಗಳಿಂದ ಇಟಾಲಿಯನ್‌ಗೆ ಬಂದವರು ಇಲ್ಲಿ ಎಡವದೆ ಇರುವುದೇ ಕಡಿಮೆ.

ನಾನು ಎಡವಿದ್ದು ಬೇರೆ ಕಡೆ. ಜಿಡಿಪಿಆರ್‌ಗೆ ಮುಂಚೆ ಯುರೋಪಿನಲ್ಲಿದ್ದದ್ದು 1995ರ ನಿರ್ದೇಶನ. ಅದರ ಇಟಾಲಿಯನ್ ಪಠ್ಯದಲ್ಲಿ ಕಂಟ್ರೋಲರ್‌ನನ್ನೇ ‘ರೆಸ್ಪೊನ್ಸಾಬಿಲೆ’ ಎಂದಿದ್ದರು, ಪ್ರೊಸೆಸರ್‌ಗೆ ‘ಇಂಕಾರಿಕಾತೊ’. ಇಟಲಿಯ ಸ್ವಂತ ಕಾನೂನು ಮಾತ್ರ 1996ರಿಂದಲೇ ತಿತೊಲಾರೆ ಎನ್ನುತ್ತಿತ್ತು, 2016ರ ಜಿಡಿಪಿಆರ್ ಕೊನೆಗೆ ಆ ದಾರಿಗೇ ಬಂತು. ನನ್ನ ಉಗ್ರಾಣದಲ್ಲಿ ಎರಡೂ ಕಾಲದ ಸಾಲುಗಳು ಒಟ್ಟಿಗೆ ಕೂತಿದ್ದವು. ಸಾಲದ್ದಕ್ಕೆ ದತ್ತಾಂಶ ರಕ್ಷಣಾ ಅಧಿಕಾರಿಗೂ ಇಟಾಲಿಯನ್‌ನಲ್ಲಿ ‘ರೆಸ್ಪೊನ್ಸಾಬಿಲೆ’ ಎಂದೇ ಶುರುವಾಗುವ ಹೆಸರು. ಹೀಗೆ ಹೋಟೆಲ್, ಪುಣೆಯ ಕಂಪನಿ, ಅಧಿಕಾರಿ, ಮೂವರೂ ನನ್ನ ಕರಡಿನಲ್ಲಿ ರೆಸ್ಪೊನ್ಸಾಬಿಲೆ ಆಗಿಬಿಟ್ಟಿದ್ದರು.

ಇದು ಬರೀ ಪದದ ಗೊಂದಲವಲ್ಲ. ‘ನನ್ನ ಮಾಹಿತಿ ಅಳಿಸಿ’ ಎಂದು ಅತಿಥಿ ಯಾರಿಗೆ ಬರೆಯಬೇಕು? ಅದನ್ನು ನಡೆಸಿಕೊಡಬೇಕಾದ್ದು ತಿತೊಲಾರೆ. ನನ್ನ ಪಠ್ಯ ಓದಿದವರು ಪುಣೆಗೆ ಬರೆದಿದ್ದರೆ, ಹೋಟೆಲ್ ಹೇಳದೆ ಒಂದು ಸಾಲನ್ನೂ ಅಳಿಸುವ ಅಧಿಕಾರವಿಲ್ಲದ ಕಂಪನಿಗೆ ಆ ಪತ್ರ ಹೋಗುತ್ತಿತ್ತು.

ಎಣಿಸಿ ನೋಡಿದೆ. ಇಂಗ್ಲಿಷಿನಲ್ಲಿ ಕಂಟ್ರೋಲರ್ 14 ಸಲ, ಪ್ರೊಸೆಸರ್ 6 ಸಲ. ನನ್ನಲ್ಲಿ ತಿತೊಲಾರೆ 9, ಪ್ರೊಸೆಸರ್‌ನ ಅರ್ಥದ ರೆಸ್ಪೊನ್ಸಾಬಿಲೆ 11. ಐದು ಕಡೆ ಪಾತ್ರವೇ ಅದಲುಬದಲು. ಎಣಿಕೆ ತಾಳೆಯಾದ ಮಾತ್ರಕ್ಕೆ ಎಲ್ಲ ಸರಿ ಎಂದೇನಲ್ಲ, ಎಲ್ಲ ಕಡೆಯೂ ಒಂದೇ ತಪ್ಪು ಪದ ಹಾಕಿದ್ದರೂ ಲೆಕ್ಕ ತಾಳೆಯಾಗುತ್ತದೆ. ಹಾಗಾಗಿ ಈಗ ಮೊದಲು ಜಿಡಿಪಿಆರ್‌ನ 4ನೇ ವಿಧಿಯ ವ್ಯಾಖ್ಯೆಗಳ ಇಂಗ್ಲಿಷ್, ಇಟಾಲಿಯನ್ ಪಠ್ಯಗಳನ್ನು ಎದುರುಬದುರು ತೆರೆದು ಪದಪಟ್ಟಿ ಮಾಡಿಕೊಳ್ಳುತ್ತೇನೆ, ಆಮೇಲೆ ಅನುವಾದ. 2016ಕ್ಕಿಂತ ಹಿಂದಿನ ಸಾಲುಗಳನ್ನು ಉಗ್ರಾಣದಿಂದಲೇ ಬೇರೆ ಮಾಡಿಟ್ಟಿದ್ದೇನೆ. ಒಂದೇ ಪದ ಮತ್ತೆ ಮತ್ತೆ ಬಂದರೆ ಬೇಸರವೆಂದು ಶಾಲೆಯಲ್ಲಿ ಪ್ರಬಂಧಕ್ಕೆ ಕಲಿಸಿದ ಪಾಠವನ್ನೂ ಇಲ್ಲಿ ಬಿಟ್ಟಿದ್ದೇನೆ.

ಆದರೂ ಒಂದು ಗಂಟು ಉಳಿಯಿತು. ಇಂಗ್ಲಿಷ್ ಬರೆದವರೇ ಒಂದು ಕಡೆ ‘ಪ್ರೊಸೆಸರ್’, ಇನ್ನೊಂದು ಕಡೆ ‘ಸರ್ವಿಸ್ ಪ್ರೊವೈಡರ್’, ಮತ್ತೊಂದು ಕಡೆ ‘ಪಾರ್ಟ್ನರ್’ ಎಂದಿದ್ದರು. ಎಲ್ಲಕ್ಕೂ ರೆಸ್ಪೊನ್ಸಾಬಿಲೆ ಹಾಕಿಬಿಡೋಣ ಎನಿಸಿತ್ತು, ಏಕರೂಪತೆ ಬಂದಂತೆ! ಮಿಲಾನಿನವರು ತಡೆದರು: ‘ಪದ ನೋಡಬೇಡಿ, ಯಾರು ಏನು ನಿರ್ಧರಿಸುತ್ತಾರೆ ಕೇಳಿ.’ ಗ್ರಾಹಕರಿಗೆ ಬರೆದು ಕೇಳಿದೆ. ಸರ್ವಿಸ್ ಪ್ರೊವೈಡರ್ ಎಂದರೆ ಪುಣೆಯ ಕಂಪನಿಯೇ. ಆದರೆ ಪಾರ್ಟ್ನರ್ ಎಂದರೆ ಪ್ರವಾಸ ವಿಮೆ ಮಾರುವ ಕಂಪನಿ. ಅತಿಥಿಯ ಮಾಹಿತಿಯನ್ನು ತನ್ನ ಪಾಲಿಸಿಗೆ ಹೇಗೆ ಬಳಸಬೇಕೆಂದು ತಾನೇ ತೀರ್ಮಾನಿಸುತ್ತದೆ. ಅಂದರೆ ಅದೂ ತಿತೊಲಾರೆ, ಹೋಟೆಲಿಗಿಂತ ಬೇರೆಯಾದ ಇನ್ನೊಬ್ಬ.

ಆ ಸಾಲನ್ನು ‘ಸ್ವತಂತ್ರ ತಿತೊಲಾರೆ’ ಎಂದು ತಿದ್ದಿದೆ. ವಾರದ ನಂತರ ಗ್ರಾಹಕರು ತಮ್ಮ ಇಂಗ್ಲಿಷ್ ನೋಟಿಸಿನಲ್ಲೂ ‘ಪಾರ್ಟ್ನರ್’ ಪದ ತೆಗೆದರು.