ಸಮೀಕರಣ ಬಿಡಿಸದೆ ಸ್ಥಿರತೆ ತಿಳಿಸುವ ರೌತ್ ಪಟ್ಟಿ

ಇಂಜಿನಿಯರಿಂಗ್ ಕಾಲೇಜಿನ ಕಂಟ್ರೋಲ್ ಸಿಸ್ಟಮ್ಸ್ ಪತ್ರಿಕೆಯಲ್ಲಾಗಲಿ, ಗೇಟ್ ಪರೀಕ್ಷೆಯಲ್ಲಾಗಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: K ಯಾವ ಮಿತಿಯೊಳಗಿದ್ದರೆ ಈ ವ್ಯವಸ್ಥೆ ಸ್ಥಿರ? ಮೋಟಾರೊಂದು ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸಬೇಕು ಎಂದುಕೊಳ್ಳೋಣ. ಆಂಟೆನಾ ಈಗ ಎಲ್ಲಿದೆ ಎಂಬುದನ್ನು ಅಳೆದು, ಇರಬೇಕಾದ ಜಾಗಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು K ಪಟ್ಟು ಹಿಗ್ಗಿಸಿ ಮೋಟಾರಿಗೆ ಕೊಡುವುದೇ ಫೀಡ್‌ಬ್ಯಾಕ್. K ಕಡಿಮೆಯಾದರೆ ಆಂಟೆನಾ ನಿಧಾನವಾಗಿ ತಿರುಗುತ್ತದೆ. ಅತಿಯಾದರೆ ಗುರಿ ದಾಟಿ ಹೋಗಿ, ಹಿಂದಿರುಗುವಾಗ ಇನ್ನೂ ಹೆಚ್ಚು ದಾಟಿ, ಓಲಾಟ ಬೆಳೆಯುತ್ತಲೇ ಹೋಗುತ್ತದೆ.

ಇಂಥ ವ್ಯವಸ್ಥೆಯ ಗುಣವೆಲ್ಲ ಅದರ ಲಾಕ್ಷಣಿಕ ಸಮೀಕರಣದಲ್ಲಿ ಅಡಗಿರುತ್ತದೆ. ತೆರೆದ ಕುಣಿಕೆಯ ವರ್ಗಾವಣೆ ಫಲನ K/[s(s+2)(s+4)] ಆಗಿದ್ದು, ಫೀಡ್‌ಬ್ಯಾಕ್ ಪೂರ್ತಿಯಾಗಿ ಹಿಂದಿರುಗಿದರೆ ಆ ಸಮೀಕರಣ s³ + 6s² + 8s + K = 0. ಇದರ ಮೂರೂ ಮೂಲಗಳ ವಾಸ್ತವ ಭಾಗ ಋಣವಾಗಿದ್ದರೆ ಮಾತ್ರ ಓಲಾಟ ಅಡಗುತ್ತದೆ. ಆದರೆ K ಎಷ್ಟೆಂದೇ ತಿಳಿಯದಿರುವಾಗ ಮೂಲಗಳನ್ನು ಕ್ಯಾಲ್ಕುಲೇಟರಿನಿಂದಲೂ ಹುಡುಕಲಾಗದು.

ಈ ತೊಡಕನ್ನು ಬಿಡಿಸಿದವರು ಕೇಂಬ್ರಿಜ್‌ನ ಗಣಿತಜ್ಞ ಎಡ್ವರ್ಡ್ ಜಾನ್ ರೌತ್. ಉಗಿಯಂತ್ರಗಳ ವೇಗ ಕಾಯುವ ಗವರ್ನರುಗಳು ಏಕೆ ಹೊಯ್ದಾಡುತ್ತವೆ ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದಿದ್ದರು. ಎಷ್ಟೇ ದೊಡ್ಡ ಘಾತದ ಸಮೀಕರಣಕ್ಕೂ ಒಗ್ಗುವ ಪರೀಕ್ಷೆಯನ್ನು ರೌತ್ 1877ರ ತಮ್ಮ ಪ್ರಬಂಧದಲ್ಲಿ ಕೊಟ್ಟರು. ಅದಕ್ಕೆ ಆಡಮ್ಸ್ ಬಹುಮಾನ ಬಂತು. ಅವರ ವಿಧಾನಕ್ಕೆ ಬೇಕಾದದ್ದು ಗುಣಾಕಾರ, ವ್ಯವಕಲನ, ಭಾಗಾಕಾರ, ಅಷ್ಟೇ.

ಗುಣಾಂಕಗಳನ್ನು ಒಂದು ಬಿಟ್ಟು ಒಂದರಂತೆ ಮೊದಲ ಎರಡು ಅಡ್ಡಸಾಲುಗಳಲ್ಲಿ ಬರೆಯಬೇಕು. ಮೂರನೆಯ ಸಾಲಿಗೆ ಮೇಲಿನ ಎರಡು ಸಾಲುಗಳನ್ನು ಓರೆಯಾಗಿ ಗುಣಿಸಿ ಕಳೆಯಬೇಕು: 6×8ರಿಂದ 1×K ಕಳೆದು, ಬಂದದ್ದನ್ನು 6ರಿಂದ ಭಾಗಿಸಬೇಕು.

```
s³ |    1       8
s² |    6       K
s¹ | (48−K)/6   0
s⁰ |    K
```

ಇನ್ನು ನೋಡಬೇಕಾದದ್ದು ಎಡಗಡೆಯ ಮೊದಲ ಕಂಬಸಾಲನ್ನು ಮಾತ್ರ. ಅಲ್ಲಿರುವ ಎಲ್ಲವೂ ಧನವಾಗಬೇಕಾದರೆ K ಸೊನ್ನೆಗಿಂತ ಹೆಚ್ಚಿರಬೇಕು, 48ಕ್ಕಿಂತ ಕಡಿಮೆಯಿರಬೇಕು. ಉತ್ತರ ಅದೇ.

K = 60 ಆದರೆ? ಸಮೀಕರಣದ ಗುಣಾಂಕಗಳೆಲ್ಲ ಧನವೇ. ಅಷ್ಟನ್ನೇ ನೋಡಿ ‘ಸ್ಥಿರ’ ಎಂದು ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ. ಆ ಅಡ್ಡದಾರಿ ಎರಡನೆಯ ಘಾತದವರೆಗೆ ಮಾತ್ರ ನಡೆಯುತ್ತದೆ. ಇಲ್ಲಿ ಮೊದಲ ಕಂಬಸಾಲು 1, 6, −2, 60. ಧನದಿಂದ ಋಣಕ್ಕೆ ಒಮ್ಮೆ, ಋಣದಿಂದ ಧನಕ್ಕೆ ಇನ್ನೊಮ್ಮೆ, ಒಟ್ಟು ಎರಡು ಸಲ ಚಿಹ್ನೆ ಬದಲಾಯಿತು. ಬದಲಾವಣೆ ಎಷ್ಟೋ, ಬಲ ಅರ್ಧತಲದಲ್ಲಿರುವ ಮೂಲಗಳೂ ಅಷ್ಟೇ. ಆಂಟೆನಾ ನಿಲ್ಲುವುದಿಲ್ಲ.

ಈ ಲೆಕ್ಕದ ನಿಜವಾದ ಸೊಗಸಿರುವುದು K ಸರಿಯಾಗಿ 48 ಆದಾಗ. s¹ ಸಾಲು ಪೂರ್ತಿ ಸೊನ್ನೆಯಾಗಿ ಪಟ್ಟಿ ಮುಂದೆ ಸಾಗುವುದಿಲ್ಲ. ಆಗ ಅದರ ಮೇಲಿನ ಸಾಲಿನಿಂದ ಸಹಾಯಕ ಸಮೀಕರಣ ಕಟ್ಟಬೇಕು: 6s² + 48 = 0. ಇದನ್ನು ಅವಕಲಿಸಿದರೆ 12s. ಆ 12 ಅನ್ನು ಸೊನ್ನೆಯ ಜಾಗಕ್ಕೆ ಹಾಕಿದರೆ ಕಂಬಸಾಲು 1, 6, 12, 48 ಆಗುತ್ತದೆ. ಚಿಹ್ನೆ ಬದಲಾಗಲಿಲ್ಲ, ಹಾಗಾದರೆ ಸ್ಥಿರ ಎಂದು ಇಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ಬಲಗಡೆ ಮೂಲವಿಲ್ಲ ಎಂಬುದಷ್ಟೇ ಇದರ ಅರ್ಥ. ಸಹಾಯಕ ಸಮೀಕರಣವನ್ನು ಬಿಡಿಸಿದರೆ s = ±j√8, ಅಂದರೆ ಎರಡು ಮೂಲಗಳು ಕಾಲ್ಪನಿಕ ಅಕ್ಷದ ಮೇಲೆಯೇ ಕುಳಿತಿವೆ. ಓಲಾಟ ಬೆಳೆಯದು, ಅಡಗದು. ಸೆಕೆಂಡಿಗೆ 2.83 ರೇಡಿಯನ್, ಅಂದರೆ ಸುಮಾರು 2.2 ಸೆಕೆಂಡಿಗೊಂದು ಸುತ್ತಿನಂತೆ ಅದು ನಡೆದೇ ಇರುತ್ತದೆ. ವ್ಯವಸ್ಥೆ ಕೆಡುವ ಅಂಚನ್ನಷ್ಟೇ ಅಲ್ಲದೆ, ಆ ಅಂಚಿನಲ್ಲಿ ಅದು ಯಾವ ವೇಗದಲ್ಲಿ ತೂಗುತ್ತದೆ ಎಂಬುದನ್ನೂ ನಾಲ್ಕು ಸಾಲಿನ ಪಟ್ಟಿ ಹೇಳಿಬಿಟ್ಟಿತು. ಸಾಲಿನ ಮೊದಲ ಪದ ಮಾತ್ರ ಸೊನ್ನೆಯಾಗಿ ಉಳಿದವು ಸೊನ್ನೆಯಲ್ಲದಿದ್ದರೆ ಅದು ಬೇರೆ ಪ್ರಕರಣ. ಅಲ್ಲಿ ಸೊನ್ನೆಯ ಬದಲು ε ಎಂಬ ಅತಿ ಸಣ್ಣ ಧನಸಂಖ್ಯೆ ಇಟ್ಟು ಮುಂದುವರಿಯುತ್ತಾರೆ.

ಪಟ್ಟಿ ಹೇಳದ ವಿಷಯವೂ ಇದೆ. K = 47 ಎಂದಿಟ್ಟರೆ ರೌತ್ ಲೆಕ್ಕದಲ್ಲಿ ವ್ಯವಸ್ಥೆ ಸ್ಥಿರ. ಆದರೆ ಮೂಲಗಳನ್ನು ಬಿಡಿಸಿ ನೋಡಿದರೆ ಓಲಾಡುವ ಜೋಡಿಯ ವಾಸ್ತವ ಭಾಗ ಬರೀ −0.011ರಷ್ಟು. ಆಂಟೆನಾದ ಓಲಾಟ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯಲು ಸುಮಾರು ಒಂದೂವರೆ ನಿಮಿಷ ಬೇಕು, ಅಷ್ಟರೊಳಗೆ ಅದು ಸುಮಾರು ನಲವತ್ತು ಸಲ ಅತ್ತಿತ್ತ ತೂಗಿರುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ತರುವ ಈ K ಅನ್ನು ಯಾವ ಇಂಜಿನಿಯರೂ ನಿಜವಾದ ಯಂತ್ರಕ್ಕೆ ಇಡುವುದಿಲ್ಲ. ಸಂಕೇತ ತಲುಪುವುದು ತಡವಾಗುವ ವ್ಯವಸ್ಥೆಯಾದರಂತೂ ಸಮೀಕರಣದೊಳಗೆ ಘಾತೀಯ ಪದವೊಂದು ಸೇರಿ ಅದು ಬಹುಪದವಾಗಿ ಉಳಿಯುವುದೇ ಇಲ್ಲ. ಅಂಥಲ್ಲಿ ರೌತ್ ಪಟ್ಟಿಯನ್ನು ಬದಿಗಿಟ್ಟು ನೈಕ್ವಿಸ್ಟ್ ನಕ್ಷೆಯನ್ನು ಬರೆಯಬೇಕಾಗುತ್ತದೆ.