ರಾತ್ರಿ ಒಂಬತ್ತೂವರೆಯ ಕರೆಂಟು ಬೆದರಿಕೆ



ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಸೇರಿದ್ದು. ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದಂಥ ಕಡೆ ಕೊಳವೆಬಾವಿಯನ್ನು ನಂಬಿ ನಾಲ್ಕು ಅಡಿಕೆ ಗಿಡ ಹಾಕಿದವನಿಗೆ ಕರೆಂಟು ಹೋಗುವುದೆಂದರೆ ಎಷ್ಟು ದಿಗಿಲೆಂಬುದನ್ನು ಹೇಳಬೇಕಾಗಿಲ್ಲ. ಈ ದಿಗಿಲನ್ನೇ ಬಂಡವಾಳ ಮಾಡಿಕೊಂಡ ಒಂದು ವಂಚನೆ 2022ರಲ್ಲಿ ರಾಜ್ಯದಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. ಬೆಸ್ಕಾಂ ತನ್ನ ಗ್ರಾಹಕರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಇದರ ರೀತಿಯನ್ನು ತಿಳಿದವರು ಬೇರೆ ಯಾವ ಸಂಸ್ಥೆಯ ಹೆಸರಿನಲ್ಲಿ ಬಂದ ಮೋಸವನ್ನೂ ಗುರುತಿಸಬಲ್ಲರು.

ಸಂದೇಶದ ಸಾರಾಂಶ ಇಷ್ಟೇ: "ಕಳೆದ ತಿಂಗಳ ಬಿಲ್ಲು ದಾಖಲಾಗಿಲ್ಲ. ಈ ರಾತ್ರಿ 9.30ಕ್ಕೆ ನಿಮ್ಮ ಕರೆಂಟು ಕಡಿತವಾಗುತ್ತದೆ. ಕೂಡಲೇ ವಿದ್ಯುತ್ ಅಧಿಕಾರಿಗೆ ಫೋನ್ ಮಾಡಿ." ಕೆಳಗೊಂದು ಮೊಬೈಲ್ ನಂಬರು. ಕಚೇರಿ ಮುಚ್ಚಿದ ಮೇಲಿನ ಹೊತ್ತನ್ನು ಆರಿಸಿದ್ದು ಸುಮ್ಮನೆ ಅಲ್ಲ. ವಿಚಾರಿಸಲು ಲೈನ್‌ಮನ್ನನೂ ಸಿಗಬಾರದು, ಮಾರನೆಯ ಬೆಳಗಿನವರೆಗೆ ಕಾಯುವ ಧೈರ್ಯವೂ ಇರಬಾರದು ಎಂಬುದೇ ಉದ್ದೇಶ.

ಆಗತಾನೆ ಅಡಿಕೆ ಮಾರಿದ ಹಣ ಖಾತೆಯಲ್ಲಿರುವ ಒಬ್ಬ ರೈತರು ಆ ನಂಬರಿಗೆ ಫೋನ್ ಮಾಡಿದರೆಂದು ಇಟ್ಟುಕೊಳ್ಳೋಣ. ಆ ಕಡೆಯವನು ವಿನಯವಾಗಿ ಮಾತನಾಡುತ್ತಾನೆ. "ಯಜಮಾನರೇ, ಬಿಲ್ಲು ಕಟ್ಟಿದ್ದೀರಿ, ನಮ್ಮಲ್ಲಿ ಏರಿಲ್ಲ ಅಷ್ಟೇ. ಹತ್ತು ರೂಪಾಯಿ ಕಟ್ಟಿ ಸರಿಮಾಡಿಕೊಳ್ಳಿ" ಎನ್ನುತ್ತಾನೆ. ಅದಕ್ಕೆ ಒಂದು ಆಪ್ ಹಾಕಿಸುತ್ತಾನೆ. ಅದು ಕಳ್ಳ ಆಪ್ ಆಗಿರಬೇಕೆಂದೇನೂ ಇಲ್ಲ. ದೂರದಲ್ಲಿ ಕುಳಿತು ಯಂತ್ರ ರಿಪೇರಿ ಮಾಡುವವರು ಬಳಸುವ AnyDesk ನಂಥದ್ದೇ. ಆಪ್ ತೋರಿಸುವ ಅಂಕಿಗಳನ್ನು ಓದಿ ಹೇಳಿ, ಒಪ್ಪಿಗೆಯ ಗುಂಡಿ ಒತ್ತಿದ ಕ್ಷಣದಿಂದ ನಮ್ಮ ಫೋನಿನ ಪರದೆ ಅವನಿಗೆ ಕಾಣುತ್ತದೆ. ಹತ್ತು ರೂಪಾಯಿ ಕಟ್ಟಲು ನಾವು ಒತ್ತುವ ಗುಪ್ತ ಸಂಖ್ಯೆ, ಬ್ಯಾಂಕಿನಿಂದ ಬರುವ ಓಟಿಪಿ ಎರಡನ್ನೂ ಅವನು ಓದಿಕೊಳ್ಳುತ್ತಾನೆ. ಹತ್ತು ರೂಪಾಯಿ ಬರೀ ಬೋನಿನ ತುಂಡು. ಬಾಗಿಲು ತೆಗೆಸುವುದೇ ಅವನ ಕೆಲಸ.

ಗುರುತಿಸುವುದು ಹೇಗೆ? ಮೊದಲನೆಯದು, ಕಳುಹಿಸಿದವರ ಹೆಸರು ನೋಡಿ. ಸಂಸ್ಥೆಗಳ ಎಸ್ಸೆಮ್ಮೆಸ್ಸು ನೋಂದಾಯಿತ ಅಕ್ಷರಗಳ ಹೆಸರಿನಿಂದ ಬರುತ್ತದೆ. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಶಂಕಿಸಬೇಕು. ವಾಟ್ಸಾಪಿನಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ಬೆಸ್ಕಾಂ ಲಾಂಛನವನ್ನಾಗಲಿ, ನಮ್ಮ ಸಂಘದ ಮೊಹರನ್ನಾಗಲಿ ಯಾರು ಬೇಕಾದರೂ ಚಿತ್ರವಾಗಿ ಅಂಟಿಸಿಕೊಳ್ಳಬಹುದು. ಎರಡನೆಯದು, ನಿಮ್ಮ ಬಿಲ್ಲಿನಲ್ಲಿ ಆರ್.ಆರ್. ನಂಬರು ಇರುತ್ತದೆ, ವಂಚಕನಿಗೆ ಅದು ಗೊತ್ತಿಲ್ಲ. "ಪ್ರಿಯ ಗ್ರಾಹಕರೇ" ಎಂದಷ್ಟೇ ಬರೆದು ಸಾವಿರಾರು ಜನರಿಗೆ ಎಸೆದಿರುತ್ತಾನೆ. ಮೂರನೆಯದು, ಸಂದೇಶದಲ್ಲಿರುವ ನಂಬರಿಗೆ ಎಂದೂ ಫೋನ್ ಮಾಡಬೇಡಿ. ಬೆಸ್ಕಾಂ ಸಹಾಯವಾಣಿ 1912. ಸಂಶಯ ಬಂದರೆ ನಿಮಗೆ ಮೊದಲೇ ಗೊತ್ತಿರುವ ಈ ನಂಬರಿಗೇ ಕೇಳಿ.

ಹಣ ಹೋದ ಮೇಲೆ ನಾಚಿಕೆಯಿಂದ ಸುಮ್ಮನಿರುವುದೇ ದೊಡ್ಡ ನಷ್ಟ. ಕದ್ದ ಹಣ ನೇರವಾಗಿ ಕಳ್ಳನ ಕೈಗೆ ಹೋಗುವುದಿಲ್ಲ. ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ನಗದಾಗಿ ಹೊರಬೀಳುವ ಮುನ್ನ ತಡೆಹಿಡಿಯಬಹುದು. ಆದ್ದರಿಂದ ಮೊದಲು ಇಂಟರ್ನೆಟ್ ಆಫ್ ಮಾಡಿ ಆ ಆಪ್ ತೆಗೆದುಹಾಕಿ. ಆ ಕೂಡಲೇ 1930ಕ್ಕೆ ಫೋನ್ ಮಾಡಿ. ಹೋದ ಹಣ, ಹೊತ್ತು, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ ಕೈಲಿರಲಿ. ದೂರನ್ನು cybercrime.gov.in ನಲ್ಲಿಯೂ ಕೊಡಬಹುದು. ಅದರ ಜೊತೆಗೇ ಬ್ಯಾಂಕಿಗೂ ತಿಳಿಸಿ, ತಿಳಿಸಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಇದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ತತ್ವದಂತೆ, ನಾವೇ ಗುಪ್ತ ಸಂಖ್ಯೆ ಬಿಟ್ಟುಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು; ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು.

ಹಣ ಕಳೆದುಕೊಳ್ಳದವರಿಗೂ ಒಂದು ಕೆಲಸವಿದೆ. ಬಂದ ಸುಳ್ಳು ಸಂದೇಶವನ್ನು ಅಳಿಸುವ ಮುನ್ನ sancharsaathi.gov.in ನಲ್ಲಿರುವ "ಚಕ್ಷು" ವಿಭಾಗಕ್ಕೆ ವರದಿ ಮಾಡಿ. ಈ ಸೌಲಭ್ಯ 2024ರ ಮಾರ್ಚಿನಲ್ಲಿ ಆರಂಭವಾಯಿತು. ಆದರೆ ಇಲ್ಲಿ ವರದಿ ಮಾಡಿದರೆ ಹೋದ ಹಣ ಬರುವುದಿಲ್ಲ. ಅದಕ್ಕೆ 1930 ಅಥವಾ cybercrime.gov.in ನಲ್ಲಿ ದೂರು ಕೊಡಬೇಕು.

ಕೊನೆಗೆ ಸಹಕಾರ ಸಂಘಗಳಿಗೆ ಒಂದು ಮಾತು. ನಾಳೆ ಗೊಬ್ಬರದ ಮುಂಗಡವೆಂದು ಸಂಘದ ಹೆಸರಿನಲ್ಲೇ ಇಂಥ ಸಂದೇಶ ಬರಬಹುದು. ಸಂಘದ ಫೋನ್ ನಂಬರು, ಬ್ಯಾಂಕ್ ಖಾತೆಯ ಹೆಸರು ಎರಡನ್ನೂ ಪ್ರತಿ ರಸೀದಿಯಲ್ಲೂ ಅಚ್ಚು ಹಾಕಿಸಿ, ಕಚೇರಿಯ ಬಾಗಿಲಿಗೂ ಬರೆದು ಅಂಟಿಸಿ. ಯುಪಿಐನಲ್ಲಿ ಹಣ ಕಳಿಸುವಾಗ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ. ರಸೀದಿಯಲ್ಲಿರುವ ಹೆಸರು ಅಲ್ಲಿಲ್ಲದೆ ಯಾರೋ ವ್ಯಕ್ತಿಯ ಹೆಸರಿದ್ದರೆ, ಸದಸ್ಯರು ಅಲ್ಲಿಗೇ ಕೈ ತಡೆಯಲಿ.