ವಿಂಗಡಿಸದೆ ದೊರೆಯುವ ಕ್ರಮ: ದತ್ತಸಂಚಯದ ಇಂಡೆಕ್ಸು ಮತ್ತು ಳಕಾರದ ಸ್ಥಾನ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳಲ್ಲಿ ಮರಾಠಿಯ ಮಗ್ಗುಲಲ್ಲಿ ಬಾಳುತ್ತಿರುವ ಕನ್ನಡದ ಆಡುಮಾತುಗಳಿಗೆ ಒಂದು ಪದಕೋಶವನ್ನು ಸಿದ್ಧಪಡಿಸುವುದಾಗಿ ಕಲ್ಪಿಸಿಕೊಳ್ಳೋಣ. ಒಟ್ಟು 60,000 ನಮೂದುಗಳು. ಪ್ರತಿಯೊಂದರಲ್ಲಿಯೂ ಊರು, ಪದ, ಅರ್ಥ ಎಂಬ ಮೂರು ಅಂಕಣಗಳು. ಕ್ಷೇತ್ರಕಾರ್ಯದಲ್ಲಿ ದೊರೆತ ಕ್ರಮದಲ್ಲಿಯೇ ನಮೂದುಗಳು ದತ್ತಸಂಚಯವನ್ನು ಸೇರಿವೆ. ಅಲ್ಲಿ ಅಕಾರಾದಿಯ ಸುಳಿವೂ ಇಲ್ಲ. ಓದುಗರು ಕೇಳುವುದಾದರೋ ಅಕಾರಾದಿಯನ್ನೇ: ಗಡಹಿಂಗ್ಲಜದ ಪದಗಳಲ್ಲಿ ಮೊದಲ 20 ಯಾವುವು?

ಸೂಚಿಯೇ ಇಲ್ಲದಿದ್ದರೆ ಯಂತ್ರವು 60,000 ನಮೂದುಗಳನ್ನೂ ಓದಿ, ಗಡಹಿಂಗ್ಲಜದವನ್ನು ಆಯ್ದು, ಒಂದರೊಡನೊಂದನ್ನು ಹೋಲಿಸಬೇಕು. ಅವು 20,000 ಇದ್ದು, ಎಲ್ಲವನ್ನೂ ಅಕಾರಾದಿಗೆ ತರಬೇಕಾದರೆ ಹೋಲಿಕೆಗಳ ಸಂಖ್ಯೆ ಹತ್ತಿರ ಹತ್ತಿರ ಮೂರು ಲಕ್ಷವನ್ನು ಮುಟ್ಟುತ್ತದೆ. ಮೊದಲ 20 ಮಾತ್ರ ಸಾಕೆಂದರೆ ಹೋಲಿಕೆಗಳು ಕಡಿಮೆಯಾದಾವು. ಆದರೆ ಓದುವ ಕೆಲಸ ಕಡಿಮೆಯಾಗದು, ಏಕೆಂದರೆ ಕಟ್ಟಕಡೆಯ ನಮೂದೇ ಅಕಾರಾದಿಯಲ್ಲಿ ಮೊದಲನೆಯದಾಗಿರಬಹುದು. ಮುಂದಿನ ಓದುಗರು ಇದನ್ನೇ ಕೇಳಿದಾಗ ಇಷ್ಟೂ ಕೆಲಸ ಮೊದಲಿನಿಂದ ನಡೆಯುತ್ತದೆ.

ಇಂಡೆಕ್ಸು ಈ ಶ್ರಮವನ್ನು ಪ್ರಶ್ನೆಯ ಗಳಿಗೆಯಿಂದ ಬರವಣಿಗೆಯ ಗಳಿಗೆಗೆ ವರ್ಗಾಯಿಸುತ್ತದೆ. ಪದವೊಂದು ಸೇರಿದ ಕೂಡಲೆ ಅದರ ಕೀಲಿಯನ್ನು ತಕ್ಕ ಎಡೆಯಲ್ಲಿ ಇರಿಸಲಾಗುತ್ತದೆ. ಬಹುತೇಕ ದತ್ತಸಂಚಯಗಳು ಇದಕ್ಕೆ ಬಳಸುವ ರಚನೆ ಬಿ-ಟ್ರೀ; ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅದನ್ನು ವಿವರಿಸಿದ ಲೇಖನ 1972ರಲ್ಲಿ ಪ್ರಕಟವಾಯಿತು. ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಮರದ ಪ್ರತಿ ಪುಟವೂ ಸಾಮಾನ್ಯವಾಗಿ 8 ಕಿಲೋಬೈಟಿನದು. ಊರು ಮತ್ತು ಪದ ಎರಡನ್ನೂ ಸೇರಿಸಿದ ಕೀಲಿ ಸುಮಾರು 60 ಬೈಟುಗಳಷ್ಟಾದರೆ ಒಂದು ಪುಟದಲ್ಲಿ ನೂರಿಪ್ಪತ್ತರಷ್ಟು ಹಿಡಿಯುತ್ತವೆ. ಆಗ 60,000 ಕೀಲಿಗಳಿಗೆ ಸುಮಾರು 500 ಎಲೆಪುಟಗಳು, ಅವುಗಳ ಮೇಲೆ ದಾರಿ ತೋರುವ ನಾಲ್ಕೈದು ಪುಟಗಳು, ಎಲ್ಲಕ್ಕೂ ಮೇಲೆ ಒಂದು ಬೇರುಪುಟ. ಮೂರು ಪುಟಗಳನ್ನು ತೆರೆದರೆ ಯಾವ ಪದದ ಬಳಿಗಾದರೂ ಇಳಿಯಬಹುದು.

ಎಲೆಪುಟಗಳು ಡಿಸ್ಕಿನಲ್ಲಿ ಅಕ್ಕಪಕ್ಕದಲ್ಲಿ ಇರಲೇಬೇಕೆಂದಿಲ್ಲ. ತುಂಬಿದ ಪುಟಕ್ಕೆ ಹೊಸ ಪದ ಬಂದರೆ ಆ ಪುಟ ಎರಡಾಗಿ ಒಡೆಯುತ್ತದೆ, ಹೊಸ ಅರ್ಧಕ್ಕೆ ಬೇರೆಲ್ಲಿಯೋ ಜಾಗ ಸಿಗುತ್ತದೆ. ಆದರೆ ಪ್ರತಿ ಎಲೆಪುಟವೂ ತನ್ನ ಎಡಬಲದ ನೆರೆಯವರ ವಿಳಾಸವನ್ನು ಹೊತ್ತಿರುವುದರಿಂದ, ಮೊದಲ ಪದದಲ್ಲಿ ಇಳಿದವನು ಆ ಕೊಂಡಿಗಳನ್ನು ಹಿಡಿದು ಬಲಕ್ಕೆ ನಡೆದರೆ ಪದಗಳು ತಾವಾಗಿಯೇ ಅಕಾರಾದಿಯಲ್ಲಿ ಎದುರಾಗುತ್ತವೆ. ಎಡಕ್ಕೆ ನಡೆದರೆ ಇಳಿಕ್ರಮ. ಇಪ್ಪತ್ತನೆಯದು ದೊರೆತೊಡನೆ ನಿಲ್ಲಬಹುದು. ಉಳಿದ ನಮೂದುಗಳನ್ನು ಮುಟ್ಟಬೇಕಿಲ್ಲ.

```
CREATE INDEX pada_idx ON padagalu
  (uru, pada COLLATE "kn-x-icu");

SELECT pada, artha FROM padagalu
WHERE uru = 'ಗಡಹಿಂಗ್ಲಜ'
ORDER BY pada COLLATE "kn-x-icu"
LIMIT 20;
```

ಇಲ್ಲಿ ಅಂಕಣಗಳ ಅನುಕ್ರಮ ಮುಖ್ಯ. ಈ ಸೂಚಿಯಲ್ಲಿ ಮೊದಲು ಊರು, ಊರೊಳಗೆ ಪದ. ಊರನ್ನು ಒಂದಕ್ಕೆ ನಿಗದಿಗೊಳಿಸಿದರೆ ಒಳಗಿನ ಪದಗಳು ಕ್ರಮದಲ್ಲಿರುತ್ತವೆ. ಮೂರೂ ಊರುಗಳ ಪದಗಳನ್ನು ಒಂದೇ ಅಕಾರಾದಿಯಲ್ಲಿ ಬೇಡಿದರೆ ಇದೇ ಸೂಚಿಯ ಕ್ರಮ ಒದಗುವುದಿಲ್ಲ. ಮೂರು ಅಕಾರಾದಿಗಳು ಒಂದರ ಹಿಂದೊಂದು ಕುಳಿತಿರುತ್ತವೆಯೇ ಹೊರತು ಹೆಣೆದುಕೊಂಡಿರುವುದಿಲ್ಲ.

ಇಷ್ಟರವರೆಗೆ ‘ಅಕಾರಾದಿ’ ಎಂಬ ಮಾತನ್ನು ಅದರ ಅರ್ಥ ನಿಶ್ಚಿತವೆಂಬಂತೆ ಬಳಸಲಾಯಿತು. ನಿಜವಾದ ತೊಡಕು ಇರುವುದು ಅಲ್ಲಿಯೇ. ಯಂತ್ರಕ್ಕೆ ಅತಿ ಸುಲಭವಾದ ಕ್ರಮ ಯೂನಿಕೋಡ್ ಸಂಕೇತಾಂಕಗಳದು. ಪೋಸ್ಟ್‌ಗ್ರೆಸ್‌ನಲ್ಲಿ ಅದರ ಹೆಸರು "C". ಯೂನಿಕೋಡು ಭಾರತೀಯ ಲಿಪಿಗಳ ವಿನ್ಯಾಸವನ್ನು ಇಸ್ಕೀ ಎಂಬ ಭಾರತೀಯ ಮಾನಕದಿಂದ ಪಡೆದುದರಿಂದ, ಎಲ್ಲ ಲಿಪಿಗಳಿಗೂ ಹೊಂದುವಂತೆ ಅಲ್ಲಿ ಳಕಾರವು ಲಕಾರದ ಪಕ್ಕದಲ್ಲಿ ಕುಳಿತಿದೆ. ಕನ್ನಡ ವರ್ಣಮಾಲೆಯಲ್ಲಾದರೋ ಯ ರ ಲ ವ ಶ ಷ ಸ ಹ ಆದ ಮೇಲೆ, ಎಲ್ಲಕ್ಕೂ ಕೊನೆಗೆ ಳ. ಹಲಗೆ, ಹವಳ, ಹಸೆ, ಹಳ್ಳ ಎಂಬ ನಾಲ್ಕು ಪದಗಳನ್ನು ಕನ್ನಡದವರು ಇದೇ ಅನುಕ್ರಮದಲ್ಲಿ ಹುಡುಕುತ್ತಾರೆ. ಸಂಕೇತಾಂಕದ ಕ್ರಮವು ಹಲಗೆ, ಹಳ್ಳ, ಹವಳ, ಹಸೆ ಎನ್ನುತ್ತದೆ. ಶಾಸನಗಳ ೞಕಾರದ ಪಾಡು ಇನ್ನೂ ವಿಚಿತ್ರ: ಅದರ ಸಂಕೇತಾಂಕವು ಸ್ವರಚಿಹ್ನೆಗಳನ್ನೂ ದಾಟಿ ಆಚೆ ಇರುವುದರಿಂದ, ‘ಹೞ’ ಎಂದು ತೊಡಗುವ ಪದ ‘ಹೌ’ ಎಂದು ತೊಡಗುವುದಕ್ಕಿಂತಲೂ ಹಿಂದೆ ಬೀಳುತ್ತದೆ. ಮರಾಠಿಯ ಓದುಗರ ಸ್ಥಿತಿಯೂ ಇಂಥದೇ. ಅವರ ವರ್ಣಮಾಲೆಯಲ್ಲಿಯೂ ಹಕಾರದ ನಂತರವೇ ಳ, ಅದರ ಹಿಂದೆ ಕ್ಷ ಮತ್ತು ಜ್ಞ. ದೇವನಾಗರಿಯ ಸಂಕೇತಾಂಕಗಳಲ್ಲಿ ಳ ಮಾತ್ರ ಲಕಾರದ ಪಕ್ಕದಲ್ಲಿದೆ. ಕನ್ನಡವು ಕ್ಷಕಾರವನ್ನು ಕಕಾರದ ಒತ್ತಕ್ಷರವೆಂದೇ ಎಣಿಸುವುದರಿಂದ ಎರಡೂ ಭಾಷೆಗಳಿಗೆ ಒಂದೇ ನಿಯಮ ಸಲ್ಲದು.

ಭಾಷೆಗೆ ತಕ್ಕ ಕ್ರಮವನ್ನು ನಿಯಮವಾಗಿ ಬರೆದಿಟ್ಟುದಕ್ಕೆ ಕೊಲೇಷನ್ ಎಂದು ಹೆಸರು. ಮೇಲಿನ "kn-x-icu" ಕನ್ನಡದ್ದು, "mr-x-icu" ಮರಾಠಿಯದು. ವ್ಯತ್ಯಾಸವನ್ನು ಎರಡೇ ಸಾಲಿನಲ್ಲಿ ಪರೀಕ್ಷಿಸಬಹುದು:

```
SELECT 'ಹಳ್ಳ' < 'ಹವಳ' COLLATE "C";
SELECT 'ಹಳ್ಳ' < 'ಹವಳ' COLLATE "kn-x-icu";
```

ಮೊದಲನೆಯದಕ್ಕೆ ಹೌದೆಂಬ ಉತ್ತರ, ಎರಡನೆಯದಕ್ಕೆ ಅಲ್ಲವೆಂಬುದು. ಆದ್ದರಿಂದ ಸೂಚಿಯನ್ನು "C" ಕ್ರಮದಲ್ಲಿ ಕಟ್ಟಿ, ಪ್ರಶ್ನೆಯನ್ನು ಕನ್ನಡದ ಕ್ರಮದಲ್ಲಿ ಕೇಳಿದರೆ, ಸೂಚಿಯಲ್ಲಿ ಒಂದು ಕ್ರಮವಿದ್ದರೂ ಅದು ಕೇಳಿದ ಕ್ರಮವಲ್ಲ. ಉತ್ತರ ತಪ್ಪಾಗುವುದಿಲ್ಲ, ಯಂತ್ರವು ಮೌನವಾಗಿ ಮತ್ತೆ ವಿಂಗಡಿಸಿ ಕೊಡುತ್ತದೆ. ಪ್ರಶ್ನೆಯ ಮುಂದೆ `EXPLAIN` ಎಂದು ಬರೆದರೆ ಗುಟ್ಟು ಹೊರಬೀಳುತ್ತದೆ: `Sort` ಎಂಬ ಸಾಲು ಕಂಡರೆ ವಿಂಗಡಣೆ ನಡೆದಿದೆ, `Index Scan` ಮಾತ್ರ ಇದ್ದು `Sort` ಇಲ್ಲದಿದ್ದರೆ ಸೂಚಿಯ ಕ್ರಮವೇ ಸಾಕಾಗಿದೆ. ಆದರೆ `Sort` ಕಂಡದ್ದೆಲ್ಲ ದೋಷವಲ್ಲ. ಊರಿನ 20,000 ಪದಗಳನ್ನೂ ಅರ್ಥಸಮೇತ ಬೇಡಿದಾಗ, ಸೂಚಿಯಿಂದ ಒಂದೊಂದು ನಮೂದಿಗೂ ಅತ್ತಿತ್ತ ನೆಗೆಯುವುದಕ್ಕಿಂತ ಎಲ್ಲವನ್ನೂ ಒಮ್ಮೆಗೆ ಓದಿ ವಿಂಗಡಿಸುವುದೇ ಅಗ್ಗವೆಂದು ಯಂತ್ರ ಲೆಕ್ಕ ಹಾಕಬಹುದು.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದುಂಟು. ಕೊಲೇಷನ್ನಿನ ನಿಯಮಗಳು ಇರುವುದು ದತ್ತಸಂಚಯದ ಹೊರಗಿನ ಗ್ರಂಥಾಲಯ ತಂತ್ರಾಂಶದಲ್ಲಿ. ಅದು ನವೀಕರಣಗೊಂಡಾಗ ನಿಯಮ ಬದಲಾಗಬಹುದು. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಗ್ಲಿಬ್‌ಸಿ 2.28 ಆವೃತ್ತಿಯಲ್ಲಿ ಅನೇಕ ಭಾಷೆಗಳ ವಿಂಗಡಣೆ ಬದಲಾದಾಗ ಹೀಗೆಯೇ ಆಯಿತು. ಸೂಚಿಯ ಕೀಲಿಗಳು ಹಳೆಯ ನಿಯಮದಂತೆ ಕುಳಿತಿರುತ್ತವೆ, ಹುಡುಕುವವನು ಹೊಸ ನಿಯಮದಂತೆ ಇಳಿಯುತ್ತಾನೆ. ‘ಹಳ್ಳ’ ಎಡಪುಟದಲ್ಲಿದೆ, ನಿಯಮವು ಬಲಕ್ಕೆ ತಿರುಗು ಎನ್ನುತ್ತದೆ. ಕೋಶದಲ್ಲಿ ಇರುವ ಪದ ಇಲ್ಲವೆಂಬ ಉತ್ತರ ಬರುತ್ತದೆ. ಒಂದೇ ಪದ ಎರಡು ಬಾರಿ ಸೇರಬಾರದೆಂಬ ನಿರ್ಬಂಧವೂ ಆಗ ಸಡಿಲಗೊಳ್ಳುತ್ತದೆ, ಏಕೆಂದರೆ ಮೊದಲನೆಯದು ಕಣ್ಣಿಗೇ ಬೀಳುವುದಿಲ್ಲ. ಪದವೊಂದು ಒಂದು ಊರಿನಲ್ಲಿ ಬಳಕೆಯಲ್ಲಿದೆಯೋ ಅಳಿದಿದೆಯೋ ಎಂಬುದನ್ನು ಈ ಕೋಶದಿಂದಲೇ ತೀರ್ಮಾನಿಸುವವರಿಗೆ ಇದು ಸುಳ್ಳು ಸಾಕ್ಷ್ಯ.

ಕೊಲೇಷನ್ನಿನ ಆವೃತ್ತಿ ಬದಲಾಗಿದೆಯೆಂದು ಪೋಸ್ಟ್‌ಗ್ರೆಸ್ ಎಚ್ಚರಿಕೆ ನೀಡಿದರೆ ಅದನ್ನು ಕಡೆಗಣಿಸಬಾರದು. ಸೂಚಿಯ ಕ್ರಮ ಈಗಿನ ನಿಯಮಕ್ಕೆ ಹೊಂದುತ್ತದೆಯೇ ಎಂಬುದನ್ನು `amcheck` ವಿಸ್ತರಣೆಯ `bt_index_check` ಪರಿಶೀಲಿಸುತ್ತದೆ. ಹೊಂದದಿದ್ದರೆ `REINDEX INDEX pada_idx;` ಎಂದು ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ಮೂಲ ನಮೂದುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆ ಕೆಲಸ ಮುಗಿದ ಮೇಲೆಯೇ `ALTER COLLATION "kn-x-icu" REFRESH VERSION;` ಎಂದು ಎಚ್ಚರಿಕೆಯನ್ನು ನಿಲ್ಲಿಸತಕ್ಕದ್ದು. ಮೊದಲೇ ನಿಲ್ಲಿಸಿದರೆ ದೋಷ ಉಳಿದು ಎಚ್ಚರಿಕೆಯಷ್ಟೇ ಮರೆಯಾಗುತ್ತದೆ.